ಅವ್ವನಿಗೆ ದಿನಾ ರಾತ್ರಿ ಫೋನ್: ರಿಮೈಂಡರ್ ಹೇಗೆ ಇಡಬೇಕು, ಅದರಲ್ಲಿ ಏನು ಬರೆಯಬೇಕು

ನಾನು ಇರೋದು ಅಮೆರಿಕದ ಡಲ್ಲಾಸ್‌ನಲ್ಲಿ, ಸಾಫ್ಟ್‌ವೇರ್ ಕೆಲಸ. ಅವ್ವ, ಅಪ್ಪ ಇರೋದು ಕಲಬುರಗಿಯ ಬ್ರಹ್ಮಪುರದಲ್ಲಿ. 2025ರ ಆಗಸ್ಟ್‌ನಲ್ಲಿ ಫೋನಿನಲ್ಲಿ ಒಂದು ರಿಮೈಂಡರ್ ಇಟ್ಟೆ, ರಾತ್ರಿ ಒಂಬತ್ತೂವರೆಗೆ, "ಅವ್ವಗೆ ಫೋನ್" ಅಂತ. ಯಾಕೆ ಇಟ್ಟೆ ಅಂದ್ರೆ ಅದಕ್ಕೂ ಮೊದಲು ಹನ್ನೊಂದು ದಿನ ಫೋನ್ ಮಾಡಿರಲಿಲ್ಲ, ಮಾಡಿಲ್ಲ ಅನ್ನೋದೂ ನನಗೆ ಗೊತ್ತಾಗಿರಲಿಲ್ಲ. ಹನ್ನೆರಡನೇ ದಿನ ಅವಳೇ ಮಿಸ್ಡ್ ಕಾಲ್ ಕೊಟ್ಟಳು. ವಾಪಸ್ ಮಾಡಿದರೆ "ಏನಿಲ್ಲಪ್ಪ, ಸುಮ್ನೆ" ಅಂದು ಇಟ್ಟುಬಿಟ್ಟಳು.

ರಿಮೈಂಡರ್ ಇಟ್ಟ ಮೇಲೆ ಫೋನ್ ದಿನಾ ಆಯ್ತು. ಮಾತು ಮಾತ್ರ ಆಗಲಿಲ್ಲ. ಅದು ಆಗೋಕೆ ಇನ್ನೂ ನಾಲ್ಕು ತಿಂಗಳು ಬೇಕಾಯ್ತು, ನಡುವೆ ನಾನು ಒಂದಿಷ್ಟು ತಪ್ಪು ಮಾಡಿದೆ. ನನ್ನ ಹಾಗೆ ಹೊರದೇಶದಲ್ಲಿ ಕೂತು "ಊಟ ಆಯ್ತಾ, ಆಯ್ತು, ಸರಿ ಇಡ್ತೀನಿ" ಅನ್ನೋ ಮೂರು ಮಾತಿನಲ್ಲೇ ಸಿಕ್ಕಿಕೊಂಡವರು ಯಾರಾದರೂ ಇದ್ದರೆ, ನಾನು ಮಾಡಿದ್ದನ್ನು ಸಾಲಾಗಿ ಹೇಳ್ತೀನಿ. ತಪ್ಪುಗಳನ್ನೂ ಸೇರಿಸಿ.

ಮೊದಲು ಅವಳ ಬೆಳಗ್ಗೆ ಹೇಗೆ ಹೋಗುತ್ತೆ, ತಿಳ್ಕೊಳ್ಳಿ

ನಾವೆಲ್ಲ ಮಾಡೋದು ಉಲ್ಟಾ. ನಮ್ಮ ಕೆಲಸ ಮುಗಿದು ಸೋಫಾದ ಮೇಲೆ ಬಿದ್ದ ಮೇಲೆ ಫೋನ್ ತೆಗೀತೀವಿ. ಆ ಹೊತ್ತು ಅಲ್ಲಿ ಅವಳ ಕೈಯಲ್ಲಿ ಏನಿದೆ ಅಂತ ಯೋಚಿಸಲ್ಲ.

ಒಂದು ಭಾನುವಾರ ಅಪ್ಪನಿಗೆ ಫೋನ್ ಮಾಡಿ ಕೇಳಿದೆ, ಅವ್ವನ ಬೆಳಗ್ಗೆ ಹೇಗಿರುತ್ತೆ ಅಂತ. ಅವ್ವನನ್ನೇ ಕೇಳಿದರೆ "ನಂದೇನದ, ಯಾವಾಗರೆ ಮಾಡು" ಅಂತಾಳೆ, ಅದರಿಂದ ಏನೂ ಗೊತ್ತಾಗಲ್ಲ. ಅಪ್ಪ ಗಂಜ್‌ನ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೀತಾರೆ, ಹಾಗಾಗಿ ಇದನ್ನೂ ಲೆಕ್ಕದ ಹಾಗೇ ಹೇಳಿದರು. ಐದಕ್ಕೆ ಏಳೋದು. ನಲ್ಲಿ ನೀರು ಬರೋ ದಿನ ಆದರೆ ಏಳರವರೆಗೆ ಕೊಡ, ಡ್ರಮ್ಮು ತುಂಬೋದು. ಆಮೇಲೆ ಜಳಕ, ಪೂಜೆ. ಎಂಟರ ಹೊತ್ತಿಗೆ ಎರಡನೇ ಚಹಾ ಹಿಡ್ಕೊಂಡು ಹೊರಗೆ ಕಟ್ಟೆ ಮೇಲೆ ಕೂರೋದು. ಎಂಟೂವರೆಗೆ ಒಳಗೆ ಹೋಗಿ ರೊಟ್ಟಿಗೆ ನೀರು ಕಾಯಿಸೋಕೆ ಇಡೋದು. ಒಂಬತ್ತಕ್ಕೆ ರೊಟ್ಟಿ ಬಡಿಯೋದು. ಹತ್ತಕ್ಕೆ ಅಪ್ಪ ಡಬ್ಬಿ ತಗೊಂಡು ಹೊರಡೋದು.

ಅಂದ್ರೆ ಇಡೀ ಬೆಳಗ್ಗೆಯಲ್ಲಿ ಅವಳ ಎರಡೂ ಕೈ ಖಾಲಿ ಇರೋದು ಎಂಟರಿಂದ ಎಂಟೂವರೆ. ಅಷ್ಟೇ. ನಿಮ್ಮ ಅವ್ವನದ್ದು ಬೇರೆ ಇರುತ್ತೆ, ಆದರೆ ಅಂಥ ಒಂದು ಅರ್ಧ ಗಂಟೆ ಇದ್ದೇ ಇರುತ್ತೆ. ಮನೆಯಲ್ಲಿ ಇನ್ನೊಬ್ಬರನ್ನು ಕೇಳಿ ಅದನ್ನು ಹುಡುಕಿ.

ಅಲಾರಾಂ ಬೇಡ, ಅವಳ ಗಡಿಯಾರಕ್ಕೆ ಕಟ್ಟಿದ ರಿಮೈಂಡರ್ ಬೇಕು

ನಾನು ಇಟ್ಟ ಒಂಬತ್ತೂವರೆ ಲೆಕ್ಕ ಆಗಸ್ಟ್‌ನಲ್ಲಿ ಸರಿಯಾಗೇ ಕೂತಿತ್ತು. ಬೇಸಿಗೆಯಲ್ಲಿ ಡಲ್ಲಾಸ್‌ಗಿಂತ ಕಲಬುರಗಿ ಹತ್ತೂವರೆ ಗಂಟೆ ಮುಂದೆ ಇರುತ್ತೆ. ನನ್ನ ರಾತ್ರಿ ಒಂಬತ್ತೂವರೆ ಅಂದ್ರೆ ಅವಳ ಬೆಳಗ್ಗೆ ಎಂಟು. ಅಪ್ಪನ ಲೆಕ್ಕಕ್ಕೂ ಅದು ಹೊಂದಿಕೊಂಡಿದ್ದು ನೋಡಿ, ನಾನು ಬಹಳ ಶಾಣ್ಯಾ ಅಂತ ಅನ್ಕೊಂಡಿದ್ದೆ.

ನವೆಂಬರ್‌ನಲ್ಲಿ ಏನೋ ಕೆಟ್ಟಿತು. ಅವ್ವ ಫೋನ್ ಎತ್ತಿದರೆ "ಹೂಂ... ಹೂಂ... ಆತು, ಆಮ್ಯಾಲ ಮಾಡು." ದಿನಾ ಅದೇ. ನನ್ನ ಮೇಲೆ ಸಿಟ್ಟಾಗಿದ್ದಾಳೆ ಅನ್ಕೊಂಡೆ. ದೀಪಾವಳಿಗೆ ದುಡ್ಡು ಕಳಿಸೋದು ತಡ ಆಗಿತ್ತು, ಅದಕ್ಕೇ ಇರಬೇಕು ಅಂತ ನಾನೇ ಒಂದು ಕಥೆ ಕಟ್ಟಿಕೊಂಡೆ. ಸುಮಾರು ಮೂರು ವಾರ ಹೀಗೇ ಹೋಯ್ತು. ಕೊನೆಗೆ ತಡೆಯಲಾರದೆ ಕೇಳಿದೆ.

"ಅವ್ವಾ, ನನ್ನ ಮ್ಯಾಲ ಸಿಟ್ಟಾಗಿದಿಯೇನು?"

"ಸಿಟ್ಟು ಯಾತರದ್ದೋ. ಹೆಂಚಿನ ಮ್ಯಾಲ ರೊಟ್ಟಿ ಅದ. ಕೈಯೆಲ್ಲ ಹಿಟ್ಟು."

"ಈಗ್ಯಾಕ ರೊಟ್ಟಿ?"

"ಒಂಬತ್ತಾಗ್ಯಾದಲ್ಲೋ ಇಲ್ಲಿ! ನೀ ಮೊದಲ ಎಂಟಕ್ಕ ಮಾಡ್ತಿದ್ದಿ."

"ಮತ್ತ ಹೇಳಬಾರದೇನವ್ವಾ?"

"ನಿನಗ ಆವಾಗೇ ಪುರ್ಸೊತ್ತು ಸಿಗ್ತಿರಬೇಕು ಅಂತ ಸುಮ್ನಿದ್ದೆ."

ಫೋನ್ ಇಟ್ಟು ಕಾಲ್ ಲಾಗ್ ತೆಗೆದು ನೋಡಿದೆ. ಅಕ್ಟೋಬರ್ ಪೂರ್ತಿ ಹತ್ತು, ಹನ್ನೊಂದು, ಒಂಬತ್ತು ನಿಮಿಷ. ನವೆಂಬರ್ 2ರ ರಾತ್ರಿಯಿಂದ ಎರಡು ನಿಮಿಷ, ಒಂದೂವರೆ, ಎರಡು. ಚಾಕುವಿನಲ್ಲಿ ಕತ್ತರಿಸಿದ ಹಾಗೆ. 2025ರಲ್ಲಿ ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋದದ್ದು ಅವತ್ತೇ. ಇಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಓಡುತ್ತೆ, ನವೆಂಬರ್‌ನ ಮೊದಲ ಭಾನುವಾರ ವಾಪಸ್ ಬರುತ್ತೆ. ಭಾರತದಲ್ಲಿ ಹೀಗೆ ಬದಲಾಗಲ್ಲ. ನನ್ನ ಅಲಾರಾಂ ನಿಯತ್ತಾಗಿ ಒಂಬತ್ತೂವರೆಗೇ ಹೊಡೀತಿತ್ತು, ಅವಳ ಎಂಟು ಮಾತ್ರ ಒಂಬತ್ತಾಗಿತ್ತು. ಮೂರು ವಾರ ನಾವಿಬ್ಬರೂ ಇನ್ನೊಬ್ಬರಿಗೆ ಪುರ್ಸೊತ್ತಿಲ್ಲ ಅನ್ಕೊಂಡೇ ಕಳೆದಿದ್ದೆವು.

ಲಿನಕ್ಸ್ ಕಂಪ್ಯೂಟರ್ ಇದ್ದವರು ಇದನ್ನು ಎರಡು ಸಾಲಿನಲ್ಲಿ ನೋಡಬಹುದು:

```
TZ=Asia/Kolkata date -d 'TZ="America/Chicago" 2025-10-27 21:30'
TZ=Asia/Kolkata date -d 'TZ="America/Chicago" 2025-11-03 21:30'
```

ಮೊದಲನೆಯದು ಬೆಳಗ್ಗೆ 8:00 ತೋರಿಸುತ್ತೆ, ಎರಡನೆಯದು 9:00. ಡಲ್ಲಾಸ್ ಇರೋದು ಷಿಕಾಗೋದ ಟೈಮ್‌ಝೋನ್‌ನಲ್ಲೇ, ಅದಕ್ಕೆ ಆ ಹೆಸರು. ನೀವಿರೋ ಊರಿಗೆ ಸರಿಯಾಗಿ ಬದಲಿಸಿಕೊಳ್ಳಿ.

ಸರಿ, ಈಗ ಮಾಡಬೇಕಾದ್ದು. ಫೋನಿನ ಗಡಿಯಾರದಲ್ಲಿ ಇಡೋ ಅಲಾರಾಂ ಫೋನ್ ಎಲ್ಲಿದೆಯೋ ಆ ಊರಿನ ಟೈಮಿಗೆ ಹೊಡೆಯುತ್ತೆ, ಅದು ನಮಗೆ ಉಪಯೋಗ ಇಲ್ಲ. ಕ್ಯಾಲೆಂಡರ್ ಆ್ಯಪ್‌ಗೆ ಹೋಗಿ. ಗೂಗಲ್ ಕ್ಯಾಲೆಂಡರ್‌ನಲ್ಲಿ ಹೊಸ ಈವೆಂಟ್ ಮಾಡುವಾಗ ಸಮಯದ ಕೆಳಗೆ `Time zone` ಅಂತ ಇರುತ್ತೆ. ಅದನ್ನು ಒತ್ತಿ ಭಾರತದ ಸಮಯ ಆರಿಸಿ, ಆಮೇಲೆ ಬೆಳಗ್ಗೆ ಎಂಟು ಅಂತ ಕೊಡಿ, ದಿನಾ ಮತ್ತೆ ಬರೋ ಹಾಗೆ ಇಡಿ. ನಿಮ್ಮ ಫೋನಿನಲ್ಲಿ ಅದು ತಾನಾಗೇ ಚಳಿಗಾಲದಲ್ಲಿ ರಾತ್ರಿ ಎಂಟೂವರೆಗೆ ಬರುತ್ತೆ, ಬೇಸಿಗೆಯಲ್ಲಿ ಒಂಬತ್ತೂವರೆಗೆ. ನೀವು ಬೇರೆ ಊರಿಗೆ ಹೋದರೂ ಅವಳ ಎಂಟು ಎಂಟೇ ಇರುತ್ತೆ. ಆಫೀಸ್ ಕೆಲಸಕ್ಕೆ ಸಿಯಾಟಲ್‌ಗೆ ಹೋದಾಗ ಎರಡು ಗಂಟೆ ಮೊದಲೇ ಬಂತು, ಅಲ್ಲಿ ಆಗಿನ್ನೂ ಸಂಜೆ. ಮೀಟಿಂಗ್ ರೂಮಿನಿಂದ ಎದ್ದು ಹೋಗಿ ಮಾತಾಡಿದೆ. ಸರಿಯಬೇಕಾದ್ದು ನಮ್ಮ ಗಡಿಯಾರ, ಅವಳದ್ದಲ್ಲ.

ಒಂದು ತೊಂದರೆ ಇದೆ. ಕ್ಯಾಲೆಂಡರ್‌ನ ಸೂಚನೆ ಒಂದು ಸಲ "ಟಿಣ್" ಅಂದು ಸುಮ್ಮನಾಗುತ್ತೆ, ಅಲಾರಾಂ ಹಾಗೆ ಬಡ್ಕೊಳ್ಳಲ್ಲ. ಬೆರಳಲ್ಲಿ ಸರಿಸಿದರೆ ಮುಗೀತು, ಮರೆತೇ ಹೋಗುತ್ತೆ. ಹಾಗಾಗಿ ಎರಡು ಸೂಚನೆ ಇಟ್ಟೆ, ಹತ್ತು ನಿಮಿಷ ಮೊದಲು ಒಂದು, ಸರಿಯಾಗಿ ಎಂಟಕ್ಕೆ ಇನ್ನೊಂದು. ಮೊದಲನೆಯದು ಬಂದಾಗ ಲ್ಯಾಪ್‌ಟಾಪ್ ಮುಚ್ಚೋದು. ಇದು ಸಣ್ಣ ವಿಷಯ ಅನ್ಸುತ್ತೆ, ಆದರೆ ಕೀಬೋರ್ಡ್ ಟಕಟಕ ಸದ್ದು ಅವ್ವಂದಿರಿಗೆ ಏಳು ಸಮುದ್ರದಾಚೆಯಿಂದಲೂ ಕೇಳುತ್ತೆ. "ನೀ ಕೆಲಸ ಮಾಡ್ಕೋಪ್ಪ" ಅಂತ ಇಟ್ಟೇಬಿಡ್ತಾರೆ.

ಅವಳ ಫೋನ್ ಹೊಡೆಯುತ್ತಾ ನೋಡಿ

ಇದನ್ನು ಬೇಗ ಹೇಳಿ ಮುಗಿಸ್ತೀನಿ. ವಾಟ್ಸಾಪ್‌ನಲ್ಲಿ ಕರೆ ಮಾಡಿದಾಗ ನಿಮ್ಮ ಪರದೆ ಮೇಲೆ ಮೊದಲು `Calling` ಅಂತ ಬರುತ್ತೆ, ಕರೆ ಅವರ ಫೋನ್ ಮುಟ್ಟಿದ ಮೇಲೆ `Ringing` ಆಗುತ್ತೆ. `Calling`ನಲ್ಲೇ ನಿಂತರೆ ಅವಳು ಎತ್ತುತ್ತಿಲ್ಲ ಅಂತಲ್ಲ, ಅವಳ ಫೋನಿಗೆ ಕರೆ ತಲುಪೇ ಇಲ್ಲ. ಒಂದೋ ಡೇಟಾ ಆಫ್ ಮಾಡಿರ್ತಾಳೆ (ನಮ್ಮವ್ವ ರಾತ್ರಿ ಮಲಗುವಾಗ ಲೈಟ್ ಆರಿಸಿದ ಹಾಗೆ ಡೇಟಾನೂ ಆರಿಸ್ತಾಳೆ), ಇಲ್ಲ ಫೋನ್ ಬ್ಯಾಟರಿ ಉಳಿಸೋಕೆ ಅಂತ ವಾಟ್ಸಾಪನ್ನು ಮಲಗಿಸಿರುತ್ತೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ವಾಟ್ಸಾಪ್ ತೆರೆದು ಬ್ಯಾಟರಿ ಜಾಗದಲ್ಲಿ `Unrestricted` ಮಾಡಿದರೆ ಎರಡನೆಯದು ಸರಿಹೋಗುತ್ತೆ. ನಾನು ಪಕ್ಕದ ಮನೆಯ ಪಿಯುಸಿ ಹುಡುಗನಿಂದ ಮಾಡಿಸಿದೆ. ಡೇಟಾ ಆರಿಸೋದನ್ನು ಬಿಡಿಸೋಕೆ ಆಗಲಿಲ್ಲ. ಬೆಳಗ್ಗೆ ಚಹಾ ಕಪ್ ಕೆಳಗಿಟ್ಟ ಮೇಲೆ ಅವಳೇ ಹಚ್ಚುತ್ತಾಳೆ, ಅಷ್ಟು ಸಾಕು.

ವಿಡಿಯೋ ಬೇಡ ಅಂತ ನನ್ನ ಅಭಿಪ್ರಾಯ, ಭಾನುವಾರ ಬಿಟ್ಟು. ವಿಡಿಯೋ ಅಂದ್ರೆ ಅವ್ವ ಫೋನನ್ನು ಕಿವಿಗೆ ಹಚ್ಚುತ್ತಾಳೆ, ನನಗೆ ಅವಳ ಕಿವಿಯ ಓಲೆ ಇಲ್ಲ ಫ್ಯಾನ್ ಕಾಣುತ್ತೆ. ಇನ್ನೊಂದು, ಮುಖ ಕಂಡ ಕೂಡಲೇ "ಸೊರಗಿದಿ" ಅಂತ ಶುರು ಮಾಡ್ತಾಳೆ, ಅಲ್ಲಿಗೆ ಬೇರೆ ಮಾತು ಮುಗೀತು.

ಈಗ ಮುಖ್ಯವಾದದ್ದು: ರಿಮೈಂಡರ್‌ನಲ್ಲಿ ಏನು ಬರೀಬೇಕು

ಸಮಯ ಸರಿಮಾಡಿದ ಮೇಲೆ ಹತ್ತು ನಿಮಿಷದ ಮಾತು ವಾಪಸ್ ಬಂತು. ಆದರೆ ಆ ಹತ್ತು ನಿಮಿಷವನ್ನು ನಿಜವಾಗಿ ಕೇಳಿಸಿಕೊಂಡರೆ ಅದರಲ್ಲಿ ಏನೂ ಇರಲಿಲ್ಲ. ಊಟ ಆತೇನಪ್ಪಾ. ಆತವ್ವ. ಅಲ್ಲಿ ಥಂಡಿ ಅದೇನು. ಅದ. ಗುಳಿಗಿ ತಗೊಂಡಿ? ತಗೊಂಡಿನಿ. ಆಮೇಲೆ ಯಾರು ಸತ್ತರು, ಯಾರ ಮದುವೆ ಗೊತ್ತಾಯ್ತು ಅನ್ನೋ ಪಟ್ಟಿ ಅವಳು ಹೇಳ್ತಾಳೆ, ನಾನು ಹೂಂಗುಟ್ತೀನಿ.

ಡಿಸೆಂಬರ್‌ನಲ್ಲಿ ಒಂದು ದಿನ ಮಾತಿನ ನಡುವೆ ಅಂದಳು, "ನಿನ್ನೆ ನಮ್ಮಣ್ಣ ಬಂದಿದ್ದ, ತೊಗರಿ ರಾಶಿ ಆಗ್ಯಾದಂತ." ನಾನು ಹೂಂ ಅಂದೆ. ಇಟ್ಟ ಮೇಲೆ ಯಾಕೋ ಆ ಮಾತು ತಲೇಲಿ ಉಳೀತು. ಸೋದರಮಾವನ ಹೊಲ ಆಳಂದದ ಕಡೆ. ಅವನು ಸುಮ್ನೆ ಬರೋನಲ್ಲ, ರಾಶಿ ಆಯ್ತು ಅಂತ ಹೇಳೋಕೇ ಅಷ್ಟು ದೂರ ಬಂದಿರಲ್ಲ. ಕ್ಯಾಲೆಂಡರ್ ತೆಗೆದು ನಾಳೆಯ ರಿಮೈಂಡರ್‌ನಲ್ಲಿ "ಅವ್ವಗೆ ಫೋನ್" ಅಳಿಸಿ "ಮಾಮ ಯಾಕ ಬಂದಿದ್ದ?" ಅಂತ ಬರೆದೆ.

ಮಾರನೇ ರಾತ್ರಿ ಫೋನ್ ಎತ್ತಿದ ಕೂಡಲೇ ಅದನ್ನೇ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸುಮ್ನಿದ್ದಳು. "ಯಾಕ, ನಿನಗ್ಯಾರ ಹೇಳಿದ್ರು?" ಅಂದಳು. ಯಾರೂ ಹೇಳಿಲ್ಲ, ನೀನೇ ನಿನ್ನೆ ಅಂದಿ ಅಂದೆ. ಆಮೇಲೆ ಶುರು ಮಾಡಿದಳು ನೋಡಿ, ಮೂವತ್ತೆಂಟು ನಿಮಿಷ. ಮಾವ ಮಗಳ ಫೀಗೆ ದುಡ್ಡು ಕೇಳೋಕೆ ಬಂದಿದ್ದ. ಬಾಯಿಬಿಟ್ಟು ಕೇಳಲಿಲ್ಲ, ತೊಗರಿ ದರ ಮಾತಾಡಿ, ಚಹಾ ಕುಡಿದು ಹೋದ. ಇವಳಿಗೆ ಗೊತ್ತಾಯ್ತು, ಇವಳೂ ಬಾಯಿಬಿಡಲಿಲ್ಲ. ಚಿಕ್ಕವಳಿದ್ದಾಗ ಅವಳ ಶಾಲೆ ಬಿಡಿಸಿ ಅಣ್ಣನನ್ನು ಓದಿಸಿದ್ದು, ಈಗ ಅವನ ಮಗಳು ನರ್ಸಿಂಗ್ ಓದ್ತೀನಿ ಅಂತಿರೋದು, ಎಲ್ಲಾ ಬಂತು. ರೊಟ್ಟಿ ಅವತ್ತು ತಡ ಆಯ್ತು, ಅಪ್ಪ ಹಿಂದಿನಿಂದ ಕೂಗೋದು ಕೇಳಿಸಿತು. ಅವ್ವ ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು ಅಂತ ನನಗೆ ಗೊತ್ತಿತ್ತು. ಬಿಡಿಸಿದ್ದು ಅಂತ ಗೊತ್ತಿರಲಿಲ್ಲ.

ಅವತ್ತಿನಿಂದ ಇದನ್ನೇ ರೂಢಿ ಮಾಡಿಕೊಂಡೆ. ಫೋನ್ ಇಟ್ಟ ಒಂದು ನಿಮಿಷದೊಳಗೆ ನಾಳೆಯ ರಿಮೈಂಡರ್ ತೆಗೆದು, ಇವತ್ತು ಅವಳು ಅಂದು ಅಲ್ಲೇ ಬಿಟ್ಟ ಒಂದು ಮಾತನ್ನು ಬರೀತೀನಿ. ಒಂದೇ. ಮೂರು ಬರೆದುಕೊಂಡು ನೋಡಿದೆ, ಆಗ ಮಾತು ಹೋಗಿ ಇಂಟರ್‌ವ್ಯೂ ಆಗುತ್ತೆ. ನಿಮಿಷದೊಳಗೇ ಯಾಕೆ ಅಂದ್ರೆ ಆಮೇಲೆ ನೆನಪಿರಲ್ಲ, ಸಾಮಾನ್ಯವಾಗಿ ಅದು ಮಾತಿನ ನಡುವೆ ಜಾರಿ ಬಂದ ತುಣುಕು, ಮುಖ್ಯ ಸುದ್ದಿ ಅಲ್ಲ.

ಯಾವ ಮಾತು ಆರಿಸಬೇಕು? ಅವಳು ಅಂದದ್ದೇ ಆಗಿರಬೇಕು, ನಮ್ಮ ಕಾಳಜಿ ಅಲ್ಲ. ನಾನು ಶುರುವಿನಲ್ಲಿ "ಬಿಪಿ ಗುಳಿಗೆ?" ಅಂತ ಬರೆದುಕೊಳ್ತಿದ್ದೆ. ನಾಲ್ಕು ದಿನ ಕೇಳಿದ ಮೇಲೆ "ನೀ ಏನ್ ಹಾಜರಿ ತಗೋಳಾಕ ಫೋನ್ ಮಾಡ್ತಿಯೇನು?" ಅಂದಳು. ಗುಳಿಗೆ ವಿಷಯ ಈಗ ಅಪ್ಪನ ಹತ್ತಿರ ಕೇಳ್ತೀನಿ. ಮತ್ತೆ, ಹೂಂ ಅಥವಾ ಇಲ್ಲ ಅಂತ ಮುಗಿಯೋ ಪ್ರಶ್ನೆ ಬರೀಬೇಡಿ. "ಹುಣಸೆಹಣ್ಣು ಬಿಡಿಸಿದಿ?" ಅಂದರೆ ಬಿಡಿಸಿದೆ ಅಂತಾಳೆ. "ಹುಣಸೆಹಣ್ಣು ಬಿಡಿಸೋಕ ಯಾರ್ಯಾರು ಬಂದಿದ್ರು?" ಅಂದರೆ ಓಣಿಯ ಅರ್ಧ ಚರಿತ್ರೆ ಬರುತ್ತೆ.

ಇಲ್ಲೊಂದು ಬಟನ್ ತಪ್ಪು ಆಗುತ್ತೆ, ನನಗೆ ಆಗಿದೆ. ದಿನಾ ಬರೋ ಈವೆಂಟನ್ನು ತಿದ್ದಿದಾಗ ಕ್ಯಾಲೆಂಡರ್ ಕೇಳುತ್ತೆ, `This event`, `This and following events`, `All events` ಅಂತ. ಪ್ರತೀ ಸಲ `This event` ಒತ್ತಬೇಕು. ನಾನು ನಿದ್ದೆಗಣ್ಣಲ್ಲಿ ಎರಡನೆಯದನ್ನು ಒತ್ತಿಬಿಟ್ಟೆ. ಮುಂದಿನ ಎಲ್ಲಾ ರಾತ್ರಿಗೂ "ಮೆಣಸಿನಕಾಯಿ ಕುಟ್ಟಿಸೋಕ ಯಾರ ಗಿರಣಿ?" ಅಂತ ಕೂತಿತು. ಎರಡನೇ ದಿನವೂ ಅದನ್ನೇ ಕೇಳಿದೆ. "ನಿನ್ನೇ ಹೇಳಿದ್ನಲ್ಲೋ, ಕೇಳಿಸ್ಕೊಂಡಿಲ್ಲೇನು?" ಅಂದಳು. ಆ ಸ್ವರ ಚೆನ್ನಾಗಿರಲಿಲ್ಲ. ಬರೆದುಕೊಳ್ಳೋದರಲ್ಲಿ ಇರೋ ಅಪಾಯ ಇದೇ, ಕಾಗದ ಕೇಳುತ್ತೆ, ನಾವು ಕೇಳಲ್ಲ. ರಿಮೈಂಡರ್ ಓದಿ, ಫೋನ್ ಕಿವಿಗೆ ಇಟ್ಟ ಮೇಲೆ ಅದನ್ನು ನೋಡಬೇಡಿ. ಅವಳೇ ಬೇರೆ ಮಾತು ತೆಗೆದರೆ ನಿಮ್ಮ ಪ್ರಶ್ನೆ ಬಿಟ್ಟುಬಿಡಿ.

ನೀವೂ ಏನಾದರೂ ಕೊಡಬೇಕು

"ಊಟ ಆತೇನಪ್ಪಾ?" ಅನ್ನೋದಕ್ಕೆ "ಆತು" ಅಂತ ಹೇಳೋದು ಬಾಗಿಲು ಹಾಕಿದ ಹಾಗೆ. ಏನು ತಿಂದೆ ಅಂತ ಹೇಳಿ, ಅದೂ ಖರೇ ತಿಂದದ್ದು. ಜನವರಿಯಲ್ಲಿ ಒಂದು ರಾತ್ರಿ ಕೇಳಿದಾಗ ಹೇಳಿಬಿಟ್ಟೆ, ಇಲ್ಲಿನ ಇಂಡಿಯನ್ ಅಂಗಡಿಯಿಂದ ಜೋಳದ ಹಿಟ್ಟು ತಂದಿದ್ದೆ, ರೊಟ್ಟಿ ಮಾಡೋಕೆ ಹೋಗಿ ನಾಲ್ಕು ಚೂರಾಯ್ತು, ಕೊನೆಗೆ ಬ್ರೆಡ್ ತಿಂದೆ ಅಂತ.

"ನೀರು ಹ್ಯಾಂಗ ಹಾಕಿದಿ?"

"ನಲ್ಲಿ ನೀರು. ಬಿಸೀದು."

"ಬಿಸಿ ಅಲ್ಲೋ, ಮರಳಬೇಕು. ಗುಳ್ಳಿ ಏಳಬೇಕು. ಹಿಟ್ಟಿನ ನಡುವ ತೆಗ್ಗು ಮಾಡಿ ಸುರಿ, ಕಡ್ಡೀಲೆ ತಿರುವು, ಕೈ ತಡಕೊಳ್ಳೋವಷ್ಟು ಆರಿದ ಕೂಡಲೇ ನಾದು. ಆರಾಕ ಬಿಟ್ಟಿ ಅಂದ್ರ ಹೋತು."

ಜೋಳದಲ್ಲಿ ಗೋಧಿಯ ಹಾಗೆ ಅಂಟು ಇಲ್ಲ, ಗ್ಲುಟನ್ ಅಂತಾರಲ್ಲ ಅದು. ಕುದಿಯೋ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಸ್ವಲ್ಪ ಬೆಂದು ಜಿಗುಟಾಗುತ್ತೆ, ಆ ಜಿಗಿಯೇ ರೊಟ್ಟಿಯನ್ನು ಹಿಡಿದಿಡೋದು. ಇದನ್ನು ನಾನು ಆಮೇಲೆ ಓದಿಕೊಂಡೆ, ಅವ್ವ ಮಾತ್ರ ಪಿಷ್ಟ ಅನ್ನದೆ ಎಲ್ಲವನ್ನೂ ಹೇಳಿದಳು. ಮಾರನೇ ದಿನ ಕುದಿಯೋ ನೀರು ಹಾಕಿದೆ, ಆದರೂ ಅಂಚು ಬಿರಿಯಿತು. ಫೋನನ್ನು ಸ್ಪೀಕರ್‌ಗೆ ಹಾಕಿ ಹಿಟ್ಟಿನ ಪಕ್ಕ ಇಡು ಅಂದಳು. ಬಡಿಯೋ ಸದ್ದು ಕೇಳಿದಳು. "ಹಿಟ್ಟು ಹಳೇದಾಗ್ಯಾದ, ಜಿಗಿ ಹೋಗ್ಯಾದ. ಯಾವಾಗ ಬೀಸಿದ್ದು ನೋಡು." ಪಾಕೀಟು ತಿರುಗಿಸಿದೆ. ಪ್ಯಾಕ್ ಮಾಡಿ ಏಳು ತಿಂಗಳಾಗಿತ್ತು.

ಆ ವಾರ ಪೂರ್ತಿ ಅವಳು ಕಲಿಸಿದಳು, ನಾನು ಬಡಿದೆ. ಚಳಿಗಾಲ ಆದ್ದರಿಂದ ರಿಮೈಂಡರ್ ಎಂಟೂವರೆಗೆ ಬರ್ತಿತ್ತು, ನನ್ನ ಅಡುಗೆ ಹೊತ್ತಿಗೇ. ಅದಕ್ಕೂ ಮೊದಲು ನಮ್ಮ ಮಾತಿನಲ್ಲಿ ಯಾವಾಗಲೂ ನಾನು ಹೇಳಿಕೊಡೋನು, ಬ್ಯಾಂಕ್ ಓಟಿಪಿ ಯಾರಿಗೂ ಕೊಡಬೇಡ, ಈ ಲಿಂಕ್ ಒತ್ತಬೇಡ, ಅದು ಸುಳ್ಳು ಮೆಸೇಜ್ ಅಂತ. ಈಗ ಅವಳು ಬೈಯೋಳು. "ಇಷ್ಟು ಓದಿದಿ, ಒಂದು ರೊಟ್ಟಿ ಬರಲ್ಲ." ಅಷ್ಟು ಖುಷಿಯಿಂದ ಬೈದದ್ದು ನಾನು ಹತ್ತನೇ ಕ್ಲಾಸ್ ಆದ ಮೇಲೆ ಕೇಳಿರಲಿಲ್ಲ. ಆರನೇ ದಿನಕ್ಕೆ ಹೊಸ ಹಿಟ್ಟು ತಂದೆ. ರೊಟ್ಟಿ ಉಬ್ಬಿತು. ಫೋಟೋ ಕಳಿಸಿದೆ, ಓಣಿಯಲ್ಲಿ ನಾಲ್ಕು ಮನೆಗೆ ತೋರಿಸಿ ಬಂದಳಂತೆ.

ತಪ್ಪೋ ದಿನಗಳು

ತಪ್ಪುತ್ತೆ. ಕೆಲಸದಲ್ಲಿ ರಾತ್ರಿ ಸರ್ವರ್ ಬಿದ್ದರೆ ಎಂಟೂವರೆಗೆ ನಾನು ಮಾತಾಡೋಕಾಗಲ್ಲ. ಮೊದಮೊದಲು ಸುಮ್ನೆ ಬಿಟ್ಟೆ, ನಾಳೆ ಮಾಡಿದರಾಯ್ತು ಅಂತ. ಆದರೆ ದಿನಾ ಮಾಡೋರು ಒಂದು ದಿನ ಮಾಡದಿದ್ದರೆ ವಾರಕ್ಕೊಮ್ಮೆ ಮಾಡೋರಿಗಿಂತ ಜಾಸ್ತಿ ಗಾಬರಿ. ಫೆಬ್ರವರಿಯಲ್ಲಿ ಎರಡು ದಿನ ತಪ್ಪಿದ್ದಕ್ಕೆ ಅವ್ವ ನನ್ನ ರೂಮ್‌ಮೇಟ್‌ನ ಅವ್ವನ ನಂಬರ್ ಹುಡುಕಿ ವಿಜಯಪುರಕ್ಕೆ ಫೋನ್ ಮಾಡಿದ್ದಳು. ಈಗ ಆಗಲ್ಲ ಅಂತ ಗೊತ್ತಾದ ಕೂಡಲೇ ಹತ್ತು ಸೆಕೆಂಡಿನ ವಾಯ್ಸ್ ಮೆಸೇಜ್ ಕಳಿಸ್ತೀನಿ. ಬರೆದು ಕಳಿಸಿದರೆ ಕನ್ನಡಕ ಹುಡುಕಬೇಕು, ಮೇಲಾಗಿ ದನಿ ಕೇಳಿದರೆ ಜ್ವರ ಇದೆಯೋ ಇಲ್ಲವೋ ಅವಳಿಗೇ ಗೊತ್ತಾಗುತ್ತೆ.

ಅವಳ ಕಡೆಯೂ ರಜೆ ಬೇಕು. ಎಳ್ಳಮಾವಾಸ್ಯೆ ದಿನ ಬೆಳಗ್ಗೆ ಎಂಟಕ್ಕೆ ಕಲಬುರಗಿಯಲ್ಲಿ ಯಾರ ಅವ್ವನೂ ಕಟ್ಟೆ ಮೇಲೆ ಕೂತಿರಲ್ಲ. ಭಜ್ಜಿ, ಸಜ್ಜಿ ರೊಟ್ಟಿ ಕಟ್ಟಿಕೊಂಡು ಚರಗ ಚೆಲ್ಲೋಕೆ ಹೊಲಕ್ಕೆ ಹೊರಡೋ ಗಡಿಬಿಡಿ. ಅಂಥ ದಿನಗಳ ರಿಮೈಂಡರ್ ಮೊದಲೇ ತೆಗೆದುಬಿಡಿ. ತೆಗೆಯುವಾಗ ಒಂದು ನೆನಪಿಡಿ: ನಿಮಗೆ ಗುರುವಾರ ರಾತ್ರಿ ಅಂದ್ರೆ ಅವಳಿಗೆ ಶುಕ್ರವಾರ ಬೆಳಗ್ಗೆ. ಹಬ್ಬ ಶುಕ್ರವಾರ ಇದ್ದರೆ ನಿಮ್ಮ ಗುರುವಾರದ್ದು ತೆಗೀಬೇಕು. ನಾನು ಶುಕ್ರವಾರದ್ದು ತೆಗೆದು, ಹಬ್ಬದ ದಿನವೇ ಎಣ್ಣೆ ಬಾಂಡಲಿ ಮುಂದೆ ಅವಳನ್ನು ಹಿಡಿದೆ.

ಇನ್ನು ಕೆಲವು ದಿನ ಇಬ್ಬರಿಗೂ ಏನೂ ಹೇಳೋಕಿರಲ್ಲ. ಎರಡು ನಿಮಿಷಕ್ಕೆ ಇಟ್ಟರೆ ಏನೂ ಆಗಲ್ಲ.

ರಿಮೈಂಡರ್ ಇದೆ ಅಂತ ಅವಳಿಗೆ ಗೊತ್ತಾದರೆ

ನನಗೆ ಇದೇ ಹೆದರಿಕೆ ಇತ್ತು. ಹೆತ್ತವ್ವನನ್ನು ನೆನಪಿಸೋಕೆ ಗಂಟೆ ಹೊಡೀಬೇಕೇನೋ ಅಂತ ಅಂದರೆ ಏನು ಹೇಳೋದು?

ಮಾರ್ಚ್‌ನಲ್ಲಿ ಶರಣಬಸವೇಶ್ವರ ಜಾತ್ರೆಗೆ ಅಂತ ಊರಿಗೆ ಬಂದೆ. ಮೊದಲ ದಿನ ಬೆಳಗ್ಗೆ ಅವ್ವನ ಜೊತೆ ಕಟ್ಟೆ ಮೇಲೆ ಚಹಾ ಕುಡೀತಿದ್ದೆ. ಫೋನ್ ನಮ್ಮಿಬ್ಬರ ನಡುವೆ ಇತ್ತು. ಸರಿಯಾಗಿ ಎಂಟಕ್ಕೆ "ಟಿಣ್" ಅಂತು. ನಾನು ಕೈ ಹಾಕೋ ಮೊದಲೇ ಬಗ್ಗಿ ಓದಿದಳು. "ಅವ್ವ: ಕೊನೇ ಮನಿ ಸೊಸಿ ವಾಪಸ್ ಬಂದಳೇನು, ಏನಾತು?" ಹಿಂದಿನ ಕರೆಯಾದ ಮೇಲೆ ಬರೆದಿಟ್ಟದ್ದು. ವಿಮಾನದ ಗಡಿಬಿಡಿಯಲ್ಲಿ ತೆಗೆಯೋದು ಮರೆತಿದ್ದೆ.

"ಇದೇನಿದು?"

ಹೇಳಿದೆ. ಎಲ್ಲಾ ಹೇಳಿದೆ, ಆಗಸ್ಟ್‌ನಿಂದ. ಹಿಂದಿನ ದಿನಗಳನ್ನೂ ತೋರಿಸು ಅಂದಳು. ಕ್ಯಾಲೆಂಡರ್ ಹಿಂದಕ್ಕೆ ಸರಿಸ್ತಾ ಹೋದೆ, ಅವಳು ಕನ್ನಡಕ ಹಾಕ್ಕೊಂಡು ಒಂದೊಂದೇ ಓದಿದಳು. ಮೆಣಸಿನಕಾಯಿ. ಮೊಣಕಾಲಿನ ಎಣ್ಣೆ ಯಾರು ಕೊಟ್ಟದ್ದು. ಅಪ್ಪ ಯಾಕ ಮಾತಾಡ್ಲಿಲ್ಲ. ಮಾಮ ಯಾಕ ಬಂದಿದ್ದ. ಅಲ್ಲಿಂದ ಹಿಂದೆ ಬರೀ "ಅವ್ವಗೆ ಫೋನ್", "ಅವ್ವಗೆ ಫೋನ್".

ಕಣ್ಣಲ್ಲಿ ನೀರು ಬರುತ್ತೆ ಅನ್ಕೊಂಡೆ, ಇಲ್ಲ ಬೈತಾಳೆ ಅನ್ಕೊಂಡೆ. ಎರಡೂ ಆಗಲಿಲ್ಲ. ಸೆರಗಿನ ತುದಿ ಮುಂದೆ ಎಳೆದು ತೋರಿಸಿದಳು. ಎರಡು ಗಂಟು ಇತ್ತು.

"ನಿನಗ ಹೇಳೋದು ಮರೀಬಾರದಂತ ಒಂದೊಂದಕ್ಕ ಒಂದೊಂದು ಹಾಕ್ಕೋತೀನಿ. ಹೇಳಿದ ಮ್ಯಾಲ ಬಿಚ್ತೀನಿ. ನೀ ಏನೂ ಕೇಳದೇ ಇಡ್ತಿದ್ದಿ ನೋಡು, ಆವಾಗ ಹಂಗೇ ಉಳೀತಿದ್ದವು. ಒಗೀವಾಗ ತೊಂದರಿ."

ಈ ಎರಡು ಗಂಟು ಯಾವುದು ಅಂತ ಕೇಳಿದೆ. ಒಂದು, ನನಗೆ ಅಂತ ತೆಗೆದಿಟ್ಟ ಹಿಂಡಿ ಡಬ್ಬಿ ಮರೀದೇ ಕೊಡೋದು. ಅದನ್ನು ಅಲ್ಲೇ ಬಿಚ್ಚಿದಳು. ಇನ್ನೊಂದನ್ನು ಬೆರಳಲ್ಲಿ ತಿರುವಿ, "ಇದು ಫೋನಿನಾಗ ಹೇಳೋದು" ಅಂದು ಒಳಗೆ ಹೋದಳು. ಎದುರಿಗೆ ಕೂತಿದ್ದರೂ ಹೇಳಲಿಲ್ಲ. ಕೆಲವು ಮಾತು ಮುಖ ಕಾಣದೇ ಇದ್ದರೇ ಆಡೋಕಾಗೋದು, ಅದು ನನಗೂ ಇದೆ.

ಡಲ್ಲಾಸ್‌ಗೆ ವಾಪಸ್ ಬರೋ ಹೊತ್ತಿಗೆ ಇಲ್ಲಿ ಗಡಿಯಾರ ಮುಂದೆ ಹೋಗಿತ್ತು, ರಿಮೈಂಡರ್ ತಾನಾಗೇ ಒಂಬತ್ತೂವರೆಗೆ ಸರಿದಿತ್ತು. ಮೊದಲ ರಾತ್ರಿಗೆ ಹೊಸದೇನೂ ಬರೆದಿರಲಿಲ್ಲ, ಬರೀ "ಎಷ್ಟು ಗಂಟು?" ಅಂತ ಹಾಕಿದ್ದೆ.

"ಅವ್ವಾ, ಎಷ್ಟದಾವ ಇವತ್ತ?"

"ಮೂರು," ಅಂದಳು. "ತಡಿ, ಚಹಾ ಕೆಳಗಿಡ್ತೀನಿ."